ಎಚ್-1ಬಿ ಪತ್ರ: ಯಾವ ತಾರೀಖನ್ನು ನಂಬಬೇಕು?

ಅಮೆರಿಕದಲ್ಲಿ ಎಚ್-1ಬಿ ಮೇಲೆ ಕೆಲಸ ಮಾಡುವವರ ಬಳಿ ಐ-797 ಅನ್ನುವ ಪತ್ರ ಇರುತ್ತದೆ. ಅಪ್ರೂವಲ್ ನೋಟಿಸ್ ಅಂತಲೂ ಕರೆಯುತ್ತಾರೆ. ಇದು ವೀಸಾ ಅಲ್ಲ, ಪತ್ರದಲ್ಲೇ ಹಾಗಂತ ಅಚ್ಚಾಗಿರುತ್ತದೆ. ಪಾಸ್‌ಪೋರ್ಟಿಗೆ ಅಂಟಿಸಿರುತ್ತಾರಲ್ಲ, ಅದು ವೀಸಾ. ಅದು ಬೇಕಾಗುವುದು ದೇಶದೊಳಗೆ ಬರುವುದಕ್ಕೆ. ಒಳಗಿರುವಾಗ ಅದರ ಅವಧಿ ಮುಗಿದರೂ ಸ್ಟೇಟಸ್, ಅಂದರೆ ಅಲ್ಲಿರಲು ಸಿಕ್ಕ ಅನುಮತಿ, ಹೋಗುವುದಿಲ್ಲ.

ಮೊದಲು ಪತ್ರ ‘ಎ’ನೋ ‘ಬಿ’ಯೋ ನೋಡಿ. ಫಾರ್ಮಿನ ಹೆಸರು ಪುಟದ ಕೆಳಗಿರುತ್ತದೆ. ಐ-797ಎ ಆದರೆ ಅದರ ತಳದಲ್ಲಿ ಕತ್ತರಿಸಿಕೊಳ್ಳುವ ಐ-94 ಚೀಟಿ ಇರುತ್ತದೆ, ಅಲ್ಲಿ ಎಂದಿನವರೆಗೆ ಇರಬಹುದು ಅಂತ ಹೇಳುವುದು ಅದೇ. ಬಿ ಪತ್ರದಲ್ಲಿ ಅದು ಇರುವುದಿಲ್ಲ. ಅಮೆರಿಕದೊಳಗೇ ಇರುವವರಿಗೆ ಬಿ ಬಂದರೆ, ಬರೀ ಆ ಪತ್ರದಿಂದ ಸ್ಟೇಟಸ್ ಮುಂದುವರಿಯುವುದಿಲ್ಲ. ಹೊರಗೆ ಹೋಗಿ, ವೀಸಾ ಸರಿಯಿದೆಯೇ ನೋಡಿಕೊಂಡು, ಮತ್ತೆ ಒಳಗೆ ಬರಬೇಕು.

ಇನ್ನು ತಾರೀಖು. ಅಲ್ಲಿ ತಿಂಗಳು ಮೊದಲು, ದಿನ ಆಮೇಲೆ. 05/06/2026 ಅಂದರೆ ಮೇ 6, ಜೂನ್ 5 ಅಲ್ಲ.

ಒಂದು ಉದಾಹರಣೆ ನೋಡೋಣ. ಪತ್ರದಲ್ಲಿ 10/01/2024ರಿಂದ 09/30/2027ರವರೆಗೆ ಅಂತಿದೆ. ಪಾಸ್‌ಪೋರ್ಟ್ ಮಾತ್ರ 2026ರ ಮೇ 6ಕ್ಕೆ ಮುಗಿಯುತ್ತದೆ. ಈತ ರಜೆಗೆ ಬೆಂಗಳೂರಿಗೆ ಬಂದು ವಾಪಸ್ ಹೋದಾಗ, ವಿಮಾನ ನಿಲ್ದಾಣದ ಅಧಿಕಾರಿ ಪಾಸ್‌ಪೋರ್ಟ್ ಮುಗಿಯುವ ದಿನದವರೆಗಷ್ಟೇ ಐ-94 ಕೊಡುತ್ತಾರೆ. ಈಗ ಲೆಕ್ಕಕ್ಕೆ ಬರುವುದು ಕೊನೆಗೆ ಸಿಕ್ಕ ಈ ಐ-94. ಪತ್ರದಲ್ಲಿ 2027 ಅಂತ ಇದ್ದರೂ ಇರಬಹುದಾದ್ದು ಮೇ 6ರವರೆಗೆ ಮಾತ್ರ. ತುಂಬಾ ಜನ ಎಡವುವುದು ಇಲ್ಲೇ, ಏಕೆಂದರೆ ಈ ಐ-94 ಕಾಗದದಲ್ಲಿ ಕೈಗೆ ಬರುವುದಿಲ್ಲ. ಪ್ರತಿ ಸಲ ಒಳಗೆ ಬಂದ ಮೇಲೆ i94.cbp.dhs.gov ತಾಣದಲ್ಲಿ Get Most Recent I-94 ಒತ್ತಿ ನೋಡಿಕೊಳ್ಳಿ.

ಹೊಸ ಪಾಸ್‌ಪೋರ್ಟ್ ಮಾಡಿಸಿಕೊಂಡರೆ ಐ-94 ತಾನಾಗಿ ಬದಲಾಗುವುದಿಲ್ಲ. ಆ ತಾರೀಖಿಗೆ ಮೊದಲೇ ಕಂಪನಿಯಿಂದ ವಿಸ್ತರಣೆಗೆ ಅರ್ಜಿ ಹಾಕಿಸಬೇಕು, ಇಲ್ಲವೇ ಹೊರಗೆ ಹೋಗಿ ಹೊಸ ಪಾಸ್‌ಪೋರ್ಟ್ ತೋರಿಸಿ ಬರಬೇಕು. ಎರಡರಲ್ಲಿ ಯಾವುದು ಅನ್ನುವುದನ್ನು ಕಂಪನಿಯ ವಕೀಲರ ಜೊತೆ ಮಾತಾಡಿ ತೀರ್ಮಾನಿಸಿ. ಸುಮ್ನೆ ಟಿಕೆಟ್ ತೆಗೆಯಬೇಡಿ.

ಷರತ್ತುಗಳೆಲ್ಲ ಪತ್ರದಲ್ಲಿ ಬಿಡಿಸಿ ಬರೆದಿರುವುದಿಲ್ಲ. ‘ಪೆಟಿಷನರ್’ ಅನ್ನುವ ಕಡೆ ಯಾವ ಕಂಪನಿಯ ಹೆಸರಿದೆಯೋ ಈ ಅನುಮತಿ ಆ ಕಂಪನಿಯ ಕೆಲಸಕ್ಕೆ ಮಾತ್ರ. ಸಂಜೆ ಬೇರೆಯವರಿಗೆ ಮಾಡುವ ಸಣ್ಣ ಫ್ರೀಲಾನ್ಸ್ ಕೂಡ ಇದರಲ್ಲಿ ಬರುವುದಿಲ್ಲ. ಕಂಪನಿ ಅದೇ ಆದರೂ ಬೇರೆ ನಗರ ಪ್ರದೇಶಕ್ಕೆ ವರ್ಗ ಮಾಡಿದರೆ ಸಾಮಾನ್ಯವಾಗಿ ತಿದ್ದುಪಡಿ ಅರ್ಜಿ ಬೇಕು. ಕೆಲಸ ಹೋದರೆ ಹೆಚ್ಚೆಂದರೆ 60 ದಿನ ಸಿಗಬಹುದು, ಅಷ್ಟರೊಳಗೆ ಐ-94 ಮುಗಿದರೆ ಅಲ್ಲಿಯವರೆಗಷ್ಟೇ.

ಹೆಂಡತಿ, ಮಕ್ಕಳ ಎಚ್-4 ತಾರೀಖನ್ನೂ ನೋಡಿ. ಒಳಗಿದ್ದುಕೊಂಡೇ ವಿಸ್ತರಿಸುವುದಾದರೆ ನಿಮ್ಮ ಪತ್ರ ಬಂತು ಅಂತ ಅವರದ್ದು ಮುಂದುವರಿಯುವುದಿಲ್ಲ. ಅದಕ್ಕೆ ಐ-539 ಅನ್ನುವ ಬೇರೆ ಅರ್ಜಿ ಹಾಕಬೇಕು.