ಕ್ರಯಪತ್ರದಲ್ಲಿ ಸರ್ವೆ ನಂಬರ್ ತಪ್ಪಾಗಿದ್ದರೆ ತಿದ್ದುಪಡಿ ಪತ್ರ ಮಾಡಿಸುವುದು ಹೇಗೆ?

ಒಂದು ಉದಾಹರಣೆ ಇಟ್ಟುಕೊಳ್ಳೋಣ. 1998ರಲ್ಲಿ ನಿಮ್ಮ ತಂದೆ ಊರ ಪಕ್ಕದ 1 ಎಕರೆ 10 ಗುಂಟೆ ಜಮೀನು ಕೊಂಡರು. ಅಂದಿನಿಂದ ಉಳುಮೆ ನಿಮ್ಮದೇ. ಈಗ ಸಾಲಕ್ಕೆಂದು ಬ್ಯಾಂಕಿಗೆ ಹೋದಾಗ ವಿಷಯ ಗೊತ್ತಾಗುತ್ತದೆ: ಜಮೀನು ಇರುವುದು ಸರ್ವೆ ನಂಬರ್ 47/2ರಲ್ಲಿ, ಕ್ರಯಪತ್ರದಲ್ಲಿ ಇರುವುದು 74/2. ಟೈಪ್ ಮಾಡುವಾಗ ಅಂಕಿ ಅದಲುಬದಲಾಗಿದೆ. ಪಹಣಿಯ 9ನೇ ಕಲಂನಲ್ಲಿ ಇನ್ನೂ ಮಾರಿದವರ ಹೆಸರೇ ಇದೆ.

ಮೊದಲು ಒಂದು ಮಾತು. ಮೂಲ ಪತ್ರದ ಮೇಲೆ ಪೆನ್ನಿನಿಂದ ಏನೂ ತಿದ್ದಬೇಡಿ. ನೋಂದಣಿಯಾದ ಪತ್ರವನ್ನು ಸರಿಪಡಿಸಲು ಇನ್ನೊಂದು ನೋಂದಾಯಿತ ಪತ್ರವೇ ಬೇಕು. ಅದೇ ತಿದ್ದುಪಡಿ ಪತ್ರ.

ಪತ್ರ ಬರೆಸುವ ಮುಂಚೆ, ಆಗಿರುವುದು ನಿಜಕ್ಕೂ ಕೈತಪ್ಪೇ ಎಂದು ತೋರಿಸುವ ದಾಖಲೆ ಕೂಡಿಸಿ. ಇಲ್ಲಿ ಎಲ್ಲಕ್ಕಿಂತ ಗಟ್ಟಿ ಸಾಕ್ಷಿ ಚಕ್ಕುಬಂದಿ. ಕ್ರಯಪತ್ರದಲ್ಲಿ ಪೂರ್ವಕ್ಕೆ ಕೆರೆ ಏರಿ, ಪಶ್ಚಿಮಕ್ಕೆ ಬಂಡಿದಾರಿ ಎಂದಿದೆ ಅನ್ನಿ. ಗ್ರಾಮ ನಕ್ಷೆ ತೆಗೆದು ನೋಡಿ. ಏರಿಗೂ ದಾರಿಗೂ ನಡುವೆ ಇರುವುದು 47/2 ಆಗಿದ್ದು, 74/2 ಊರಿನ ಇನ್ನೊಂದು ಮಗ್ಗುಲಲ್ಲಿದ್ದರೆ ತಪ್ಪು ಎಲ್ಲಿದೆ ಎಂದು ಯಾರಿಗೂ ಹೇಳಬೇಕಾಗಿಲ್ಲ ಅಲ್ವಾ? ಚಕ್ಕುಬಂದಿ ಸ್ಪಷ್ಟವಾಗಿದ್ದು ಸರ್ವೆ ನಂಬರ್ ಅದಕ್ಕೆ ಹೊಂದದಿದ್ದಾಗ, ನ್ಯಾಯಾಲಯಗಳೂ ಸಾಮಾನ್ಯವಾಗಿ ಚಕ್ಕುಬಂದಿಗೇ ಬೆಲೆ ಕೊಡುತ್ತವೆ. ಜೊತೆಗೆ 1998ರ ಸುಮಾರಿನ ಪಹಣಿ ತೆಗೆಸಿ. ಆಗ 47/2 ಮಾರಿದವರ ಹೆಸರಲ್ಲಿತ್ತು, 74/2 ಬೇರೆ ಯಾರದೋ ಆಗಿತ್ತು ಎಂದಿದ್ದರೆ ಕೆಲಸ ಸಲೀಸು.

ಎರಡೂ ನಂಬರ್ ಮಾರಿದವರದೇ ಆಗಿದ್ದರೆ ಹುಷಾರು. ತಿದ್ದುಪಡಿ ಪತ್ರ ಬರಹದ ತಪ್ಪನ್ನು ಸರಿಮಾಡುತ್ತದೆಯೇ ಹೊರತು ಒಂದು ಜಮೀನಿನ ಬದಲು ಇನ್ನೊಂದನ್ನು ಕೊಡುವುದಿಲ್ಲ. ಹಾಗೆ ಕಂಡರೆ, ಅಥವಾ ವಿಸ್ತೀರ್ಣ ಜಾಸ್ತಿ ಮಾಡಿದರೆ, ಹೊಸ ಮಾರಾಟವೆಂದು ಪೂರ್ತಿ ಮುದ್ರಾಂಕ ಶುಲ್ಕ ಕೇಳಬಹುದು.

47/2 ಮತ್ತು 74/2 ಎರಡಕ್ಕೂ ಇಸಿ, ಅಂದರೆ ಋಣಭಾರ ಪ್ರಮಾಣಪತ್ರ, ತೆಗೆಸುವುದನ್ನು ಮರೆಯಬೇಡಿ. ಪಹಣಿಯಲ್ಲಿ ತಮ್ಮ ಹೆಸರೇ ಇದೆ ಎಂದು ಮಾರಿದವರ ಕಡೆಯವರು 47/2 ಅನ್ನು ಅಡವಿಟ್ಟಿದ್ದಾರಾ, ಬೇರೆಯವರಿಗೆ ಮಾರಿದ್ದಾರಾ ಎಂದು ಅದರಲ್ಲಿ ತಿಳಿಯುತ್ತದೆ. ವಿಷಯ ತಿಳಿಯದೆ, ಹಣ ಕೊಟ್ಟು ಕೊಂಡ ಮೂರನೆಯವರ ಹಕ್ಕಿಗೆ ಧಕ್ಕೆಯಾಗುವಂತೆ ಕೋರ್ಟ್ ಕೂಡ ತಿದ್ದುಪಡಿ ಮಾಡಿಕೊಡುವುದಿಲ್ಲ. ಅದಕ್ಕೇ ತಪ್ಪು ಕಂಡ ಕೂಡಲೇ ಓಡಾಡಬೇಕು.

ಇನ್ನು ಸಹಿ. ಮೂಲ ಪತ್ರ ಬರೆದುಕೊಟ್ಟವರು, ಬರೆಸಿಕೊಂಡವರು ಎಲ್ಲರೂ ಬರಬೇಕು. ಮಾರಿದವರು ತೀರಿಕೊಂಡಿದ್ದರೆ ಅವರ ವಾರಸುದಾರರೆಲ್ಲ, ಮದುವೆಯಾಗಿ ಹೋದ ಹೆಣ್ಣುಮಕ್ಕಳೂ ಸೇರಿ, ಸಹಿ ಹಾಕಬೇಕು. ಮರಣ ಪ್ರಮಾಣಪತ್ರ ಮತ್ತು ವಂಶವೃಕ್ಷ ಜೊತೆಗಿರಲಿ. ನಿಮ್ಮ ತಂದೆಯೂ ಇಲ್ಲದಿದ್ದರೆ ನಿಮ್ಮ ಕಡೆಯಿಂದಲೂ ಹಾಗೆಯೇ. ಇವರನ್ನೆಲ್ಲ ಒಂದೇ ದಿನ ಕೂಡಿಸುವುದೇ ಇಡೀ ಕೆಲಸದಲ್ಲಿ ಕಷ್ಟದ ಭಾಗ. ಮೊದಲೇ ಮನೆಗೆ ಹೋಗಿ, ಹಳೆಯ ಪತ್ರ ತೋರಿಸಿ, "ನಿಮ್ಮಿಂದ ಹೊಸದಾಗಿ ಏನೂ ತಗೊಳ್ತಿಲ್ಲ, ನಂಬರ್ ಮಾತ್ರ ಸರಿ ಮಾಡಿಸ್ತಿದ್ದೀವಿ" ಎಂದು ಬಿಡಿಸಿ ಹೇಳಿ.

ಪತ್ರದಲ್ಲಿ ಮೂಲ ಕ್ರಯಪತ್ರದ ನೋಂದಣಿ ಸಂಖ್ಯೆ, ತಾರೀಖು, ಕಚೇರಿಯ ಹೆಸರು ಬರಬೇಕು. ಮುಖ್ಯ ಸಾಲು ಹೀಗಿರಲಿ: "ಸದರಿ ಕ್ರಯಪತ್ರದ ಷೆಡ್ಯೂಲಿನಲ್ಲಿ ಸರ್ವೆ ನಂಬರ್ 74/2 ಎಂದು ಕೈತಪ್ಪಿನಿಂದ ನಮೂದಾಗಿದ್ದು, ಅದನ್ನು 47/2 ಎಂದು ಓದಿಕೊಳ್ಳತಕ್ಕದ್ದು. ಕ್ರಯದ ಮೊಬಲಗು, ವಿಸ್ತೀರ್ಣ ಹಾಗೂ ಉಳಿದ ಷರತ್ತುಗಳಲ್ಲಿ ಯಾವ ಬದಲಾವಣೆಯೂ ಇರುವುದಿಲ್ಲ." ಇದರ ಕೆಳಗೆ ಸರಿಯಾದ ಷೆಡ್ಯೂಲನ್ನು ನಾಲ್ಕೂ ದಿಕ್ಕಿನ ಚಕ್ಕುಬಂದಿ ಸಮೇತ ಪೂರ್ತಿ ಬರೆಸಿ. ಚಕ್ಕುಬಂದಿಯೇ ತಪ್ಪಾಗಿದ್ದು ಉತ್ತರ, ದಕ್ಷಿಣ ತಿರುಗುಮುರುಗಾಗಿದ್ದರೂ ಇದೇ ಕ್ರಮ. ಸಹಿಗೆ ಮುಂಚೆ ಒಬ್ಬರು ಹಳೆಯ ಪತ್ರ ಹಿಡಿದು, ಇನ್ನೊಬ್ಬರು ಹೊಸದನ್ನು ಜೋರಾಗಿ ಓದಿ. ತಿದ್ದುಪಡಿ ಪತ್ರದಲ್ಲೇ ತಪ್ಪು ನುಸುಳಿದರೆ ಎಲ್ಲರನ್ನೂ ಮತ್ತೆ ಕರೆಯಬೇಕಾಗುತ್ತದೆ.

ನೋಂದಣಿ ಇಲಾಖೆಯ ಕಾವೇರಿ ತಂತ್ರಾಂಶದಲ್ಲಿ ವಿವರ ತುಂಬಿ, ಶುಲ್ಕ ಕಟ್ಟಿ, ಉಪನೋಂದಣಾಧಿಕಾರಿ ಕಚೇರಿಗೆ ಎಲ್ಲರೂ ಗುರುತಿನ ಚೀಟಿಯೊಂದಿಗೆ ಹೋಗಿ. ಬರಹದ ತಪ್ಪಷ್ಟೇ ಆದರೆ ಶುಲ್ಕ ಕ್ರಯಪತ್ರದಷ್ಟು ಬೀಳುವುದಿಲ್ಲ. ಸಹಿಯಾದ 4 ತಿಂಗಳೊಳಗೆ ಪತ್ರವನ್ನು ನೋಂದಣಿಗೆ ಹಾಜರುಪಡಿಸಬೇಕು.

ವಾರಸುದಾರರಲ್ಲಿ ಒಬ್ಬರು ಸಹಿಗೆ ಒಪ್ಪದಿದ್ದರೆ? ಆಗ ಸಿವಿಲ್ ನ್ಯಾಯಾಲಯವೇ ದಾರಿ. 1963ರ ನಿರ್ದಿಷ್ಟ ಪರಿಹಾರ ಕಾಯ್ದೆಯ 26ನೇ ಕಲಂ ಅಡಿ ದಾವೆ ಹಾಕಿ, ಇಬ್ಬರ ಮನಸ್ಸಿನಲ್ಲೂ ಇದ್ದದ್ದು 47/2 ಎಂದು ಸಾಬೀತುಪಡಿಸಬೇಕು. ಮೇಲೆ ಹೇಳಿದ ನಕ್ಷೆ, ಹಳೆಯ ಪಹಣಿ ಅಲ್ಲಿಯೂ ಕೆಲಸಕ್ಕೆ ಬರುತ್ತವೆ.

ನೋಂದಣಿಯಾದ ಮೇಲೆ ಪಹಣಿ ತಾನಾಗಿ ಬದಲಾಗಿರುತ್ತದೆ ಎಂದು ಸುಮ್ನೆ ಕೂರಬೇಡಿ. ಎರಡೂ ಪತ್ರಗಳ ನಕಲು ಹಿಡಿದು ನಾಡಕಚೇರಿ ಅಥವಾ ತಾಲ್ಲೂಕು ಕಚೇರಿಯಲ್ಲಿ ಮ್ಯುಟೇಶನ್ ಬಗ್ಗೆ ವಿಚಾರಿಸಿ. 47/2ರ ಹೊಸ ಇಸಿಯಲ್ಲಿ ತಿದ್ದುಪಡಿ ಪತ್ರ ಬಂದಿದೆಯೇ, ಪಹಣಿಯ 9ನೇ ಕಲಂನಲ್ಲಿ ನಿಮ್ಮ ಕಡೆಯ ಹೆಸರು ಕೂತಿದೆಯೇ ಎಂದು ನೋಡಿಕೊಂಡು ಬ್ಯಾಂಕಿಗೆ ಹೋಗಿ. ಅಲ್ಲಿ ಎರಡೂ ಪತ್ರ ಒಟ್ಟಿಗೇ ಕೊಡಿ.