ಡೊಮೈನ್, ಹೋಸ್ಟಿಂಗ್, ಇಮೇಲ್: ಮೂರನ್ನೂ ಬೇರೆ ಬೇರೆ ಕಡೆ ಇಟ್ಟ ನನ್ನ ಅನುಭವ

ಸಾಗರದ ಹತ್ತಿರ ಅಡಿಕೆ ಹಾಳೆಯ ತಟ್ಟೆ ತಯಾರಿಸುವ ಕಂಪನಿಯೊಂದನ್ನು ನಾನು ಮತ್ತು ನನ್ನ ಭಾವ ಸೇರಿ ಆರಂಭಿಸಿದೆವು. ಯಂತ್ರ, ಹಾಳೆ, ಕಾರ್ಮಿಕರ ವ್ಯವಸ್ಥೆ ಭಾವನದು. ಬೆಂಗಳೂರಿನಲ್ಲಿ ಸರ್ವರ್ ನೋಡಿಕೊಂಡು ಬಂದವನಾದ್ದರಿಂದ ವೆಬ್‌ಸೈಟ್ ಮತ್ತು ಇಮೇಲ್ ನನ್ನ ಪಾಲಿಗೆ ಬಂದವು. ಸೈಟಿನ ಹೆಸರಾದ ಡೊಮೈನ್, ಸೈಟ್ ಇರುವ ಸರ್ವರಿನ ಜಾಗವಾದ ಹೋಸ್ಟಿಂಗ್, ಇಮೇಲ್ ಮೂರನ್ನೂ ಒಂದೇ ಪ್ಯಾಕೇಜಿನಲ್ಲಿ ಕೊಳ್ಳಬಹುದಿತ್ತು. ನಾನು ಮೂರನ್ನೂ ಬೇರೆ ಬೇರೆ ಕಡೆ ಇಟ್ಟೆ. ಸೈಟ್ ಅರ್ಧ ದಿನ ನಿಂತರೆ ನಮಗೆ ದೊಡ್ಡ ನಷ್ಟವಿಲ್ಲ. ಖರೀದಿದಾರರ ಇಮೇಲ್ ಅರ್ಧ ದಿನ ನಿಂತರೆ ಆರ್ಡರ್ ಬೇರೆಯವರ ಪಾಲಾಗುತ್ತದೆ. ಹೋಸ್ಟಿಂಗ್ ಬದಲಿಸಬೇಕಾಗಿ ಬಂದ ದಿನ ಇಮೇಲ್‌ಗೆ ಅದರ ಬಿಸಿ ತಟ್ಟಬಾರದು ಎಂಬುದೇ ನನ್ನ ಲೆಕ್ಕಾಚಾರ.

ಹೆಸರನ್ನು ಆರಿಸಲು ಒಂದೇ ಪರೀಕ್ಷೆ ಇಟ್ಟುಕೊಂಡೆವು: ಫೋನಿನಲ್ಲಿ ಒಮ್ಮೆ ಹೇಳಿದರೆ ಕೇಳಿದವರು ತಪ್ಪಿಲ್ಲದೆ ಟೈಪ್ ಮಾಡಬೇಕು. ಕನ್ನಡದ ಹೆಸರನ್ನು ಇಂಗ್ಲಿಷ್ ಅಕ್ಷರಗಳಲ್ಲಿ ಬರೆಯುವಾಗ ದೀರ್ಘಕ್ಕೆ ಒಂದು ‘a’ ಹಾಕಬೇಕೋ ಎರಡೋ ಎಂಬ ಗೊಂದಲ ಇದ್ದೇ ಇರುತ್ತದೆ. ಅಂಥ ಹೆಸರುಗಳನ್ನೂ ನಡುವೆ ಅಡ್ಡಗೆರೆ ಇದ್ದವನ್ನೂ ಬಿಟ್ಟೆವು. ಹೊರದೇಶದ ಖರೀದಿದಾರರಿಗಾಗಿ .com ಮುಖ್ಯವಾಯಿತು; .in ಕೂಡ ಕೊಂಡು ಅದನ್ನು .com ಕಡೆಗೆ ತಿರುಗಿಸಿದೆವು.

ಕೊಳ್ಳುವಾಗ ನಾನು ಮೊದಲ ವರ್ಷದ ಬೆಲೆಯನ್ನು ಲೆಕ್ಕಕ್ಕೆ ತೆಗೆದುಕೊಳ್ಳಲಿಲ್ಲ. ಅದು ಸೆಳೆಯುವ ಬೆಲೆ. ಎರಡನೆಯ ವರ್ಷದಿಂದ ಕಟ್ಟಬೇಕಾದ ನವೀಕರಣ ದರವೇ ನಿಜವಾದ ಬೆಲೆ, ಹೋಲಿಸಬೇಕಾದದ್ದು ಅದನ್ನು. ಖಾತೆಯಲ್ಲಿ ಕಂಪನಿಯ ಜಿಎಸ್‌ಟಿ ಸಂಖ್ಯೆಯನ್ನೂ ನಮೂದಿಸಿದೆ. ಹಾಗೆ ಮಾಡಿದರೆ ಕಟ್ಟಿದ ಶೇ 18 ತೆರಿಗೆಯನ್ನು ಇನ್‌ಪುಟ್ ಟ್ಯಾಕ್ಸ್ ಕ್ರೆಡಿಟ್ ಆಗಿ ಪಡೆಯಲು ದಾರಿಯಾಗುತ್ತದೆ.

ಬೆಲೆಗಿಂತ ಮುಖ್ಯವಾದ ಸಂಗತಿಗಳು ಎರಡು. ನೋಂದಣಿ ಕಂಪನಿಯ ಹೆಸರಿನಲ್ಲೇ ಇರಬೇಕು, ವೆಬ್ ವಿನ್ಯಾಸ ಮಾಡಿಕೊಡುವವರ ಹೆಸರಿನಲ್ಲಿ ಅಲ್ಲ. ಜೊತೆಗೆ, ಸಂಪರ್ಕಕ್ಕೆ ಕೊಡುವ ಇಮೇಲ್ ಅದೇ ಡೊಮೈನಿನದು ಆಗಿರಬಾರದು. ಡೊಮೈನ್ ಅವಧಿ ಮುಗಿದರೆ ಅದರ ಇಮೇಲ್ ಕೂಡ ನಿಲ್ಲುತ್ತದೆ. ಆಮೇಲೆ ಡೊಮೈನ್ ನೋಂದಾಯಿಸಿಕೊಟ್ಟ ಸಂಸ್ಥೆಯ ಎಚ್ಚರಿಕೆ ಪತ್ರ ನಮ್ಮನ್ನು ತಲುಪುವುದೇ ಇಲ್ಲ. ನಾವು ಇಬ್ಬರೂ ತೆರೆಯಬಹುದಾದ ಪ್ರತ್ಯೇಕ ಜಿಮೇಲ್ ವಿಳಾಸ ಕೊಟ್ಟೆವು. .com ಕೊಂಡ ಮೇಲೆ ಆ ವಿಳಾಸಕ್ಕೆ ದೃಢೀಕರಣದ ಕೊಂಡಿ ಬರುತ್ತದೆ. 15 ದಿನಗಳೊಳಗೆ ಅದನ್ನು ಒತ್ತದಿದ್ದರೆ ಡೊಮೈನ್ ಅಮಾನತಾಗಬಹುದು.

ಹೋಸ್ಟಿಂಗ್ ಬಗ್ಗೆ ಹೆಚ್ಚು ತಲೆ ಕೆಡಿಸಿಕೊಳ್ಳಬೇಕಾಗಿರಲಿಲ್ಲ. ತಟ್ಟೆಯ ಅಳತೆ, ಫೋಟೋ, ಒಂದು ವಿಚಾರಣೆ ಫಾರ್ಮ್ ಇರುವ ಸೈಟಿಗೆ ಸಾಧಾರಣ ಶೇರ್ಡ್ ಹೋಸ್ಟಿಂಗ್ ಸಾಕು. ಪ್ರತಿದಿನ ಬ್ಯಾಕಪ್ ಇದೆಯೇ, ಅದನ್ನು ನಾವೇ ಇಳಿಸಿಕೊಳ್ಳಬಹುದೇ ಎಂದಷ್ಟೇ ವಿಚಾರಿಸಿದೆ. ಆ ಯೋಜನೆಯ ಜೊತೆ ಇಮೇಲ್ ಉಚಿತವಾಗಿತ್ತು. “ಪುಕ್ಕಟೆ ಇರುವಾಗ ಬೇರೆ ಯಾಕೆ?” ಎಂದು ಭಾವ ಕೇಳಿದರು. ಶೇರ್ಡ್ ಸರ್ವರಿನಲ್ಲಿ ಹಲವು ಗ್ರಾಹಕರ ಪತ್ರಗಳು ಒಂದೇ ಐಪಿ ವಿಳಾಸದಿಂದ ಹೊರಡುತ್ತವೆ. ಅವರಲ್ಲಿ ಒಬ್ಬರು ಸ್ಪ್ಯಾಮ್ ಕಳಿಸಿದರೂ ನಮ್ಮ ಕೊಟೇಶನ್ ಖರೀದಿದಾರರ ಸ್ಪ್ಯಾಮ್ ಪೆಟ್ಟಿಗೆಗೆ ಬೀಳಬಹುದು. ಇದನ್ನು ವಿವರಿಸಿದ ಮೇಲೆ ಅವರು ಮರುಮಾತಾಡಲಿಲ್ಲ.

ಇಮೇಲ್‌ಗೆ ಗೂಗಲ್ ವರ್ಕ್‌ಸ್ಪೇಸ್ ಆರಿಸಿದೆವು. ಅಲ್ಲಿ ಹಣ ಕಟ್ಟುವುದು ಬಳಕೆದಾರರ ಲೆಕ್ಕದಲ್ಲಿ, ವಿಳಾಸಗಳ ಲೆಕ್ಕದಲ್ಲಿ ಅಲ್ಲ. ಹಾಗಾಗಿ ನಮ್ಮಿಬ್ಬರ ಹೆಸರಿನ ಖಾತೆಗಳನ್ನು ಮಾತ್ರ ಕೊಂಡು info, sales, accounts, dmarc ವಿಳಾಸಗಳನ್ನು ಉಪವಿಳಾಸಗಳಾಗಿ ಸೇರಿಸಿದೆವು. ಅವಕ್ಕೆ ಹೆಚ್ಚಿನ ಶುಲ್ಕವಿಲ್ಲ.

ಇನ್ನು ಡಿಎನ್ಎಸ್. ಯಾವ ಸೇವೆ ಎಲ್ಲಿದೆ ಎಂದು ಜಗತ್ತಿಗೆ ತಿಳಿಸುವ ಪಟ್ಟಿ ಅದು. ಅದನ್ನು ನಾನು ಡೊಮೈನ್ ಕೊಂಡ ಕಡೆಯೇ ಉಳಿಸಿಕೊಂಡೆ. ಆ ಪಟ್ಟಿಯನ್ನು ಇಟ್ಟುಕೊಳ್ಳುವ ನೇಮ್‌ಸರ್ವರ್ ಬದಲಿಸಿ ಎಂದು ಹೋಸ್ಟಿಂಗ್ ಸಂಸ್ಥೆಯ ಸೂಚನೆ ಬಂದಿತ್ತು. ಬದಲಿಸಿದರೆ ಇಡೀ ಪಟ್ಟಿಯೇ ಅವರ ಕಡೆಗೆ ಹೋಗುತ್ತದೆ; ಇಮೇಲ್ ದಾಖಲೆಗಳು ಅಲ್ಲಿ ಇಲ್ಲದಿದ್ದರೆ ಪತ್ರಗಳು ಬರುವುದು ನಿಲ್ಲುತ್ತದೆ. ಸೈಟ್ ತೆರೆದುಕೊಳ್ಳಲು ಅವರ ಐಪಿ ವಿಳಾಸವನ್ನು A ದಾಖಲೆಯಲ್ಲಿ ಹಾಕಿದರೆ ಸಾಕು, ನಾನು ಅಷ್ಟೇ ಮಾಡಿದೆ. ಇಮೇಲ್‌ಗಾಗಿ ಸೇರಿಸಿದ ದಾಖಲೆಗಳು ಇವು (ನಮ್ಮ ಹೆಸರಿನ ಜಾಗದಲ್ಲಿ example.com ಹಾಕಿದ್ದೇನೆ):

```
@       MX   1  smtp.google.com
@       TXT  v=spf1 include:_spf.google.com ~all
_dmarc  TXT  v=DMARC1; p=none; rua=mailto:dmarc@example.com
```

ಮೊದಲನೆಯದು ನಮಗೆ ಬರುವ ಪತ್ರ ಎಲ್ಲಿಗೆ ಹೋಗಬೇಕೆಂದು ಹೇಳುತ್ತದೆ. ಎರಡನೆಯದಾದ ಎಸ್‌ಪಿಎಫ್, ನಮ್ಮ ಹೆಸರಿನಲ್ಲಿ ಯಾವ ಸರ್ವರ್ ಪತ್ರ ಕಳಿಸಬಹುದೆಂದು ಸಾರುತ್ತದೆ. ಒಂದು ಡೊಮೈನಿಗೆ ಇಂಥ ಸಾಲು ಒಂದೇ ಇರಬೇಕು, ಎರಡಿದ್ದರೆ ಪರಿಶೀಲನೆಯೇ ವಿಫಲವಾಗುತ್ತದೆ. ಮೂರನೆಯದಾದ ಡಿಮಾರ್ಕ್, ಪರೀಕ್ಷೆಯಲ್ಲಿ ಸೋತ ಪತ್ರವನ್ನು ಏನು ಮಾಡಬೇಕೆಂದು ಹೇಳುತ್ತದೆ; ಅದರ ವಿಚಾರ ಮುಂದಿದೆ. ಇವಲ್ಲದೆ ಪತ್ರಕ್ಕೆ ಡಿಜಿಟಲ್ ಸಹಿ ಹಾಕುವ ಡಿಕೆಐಎಂ ಇದೆ. ಅದರ ಕೀಲಿಯನ್ನು ವರ್ಕ್‌ಸ್ಪೇಸ್‌ನ ಆಡಳಿತ ಪುಟದಲ್ಲಿ ಪಡೆದು `google._domainkey` ಹೆಸರಿನಲ್ಲಿ ಹಾಕಿ, ಮತ್ತೆ ಆ ಪುಟಕ್ಕೆ ಹೋಗಿ ದೃಢೀಕರಣವನ್ನು ಚಾಲೂ ಮಾಡಬೇಕು. 2048 ಬಿಟ್‌ನ ಕೀಲಿ ಉದ್ದವಾದದ್ದು. ಟಿಎಕ್ಸ್‌ಟಿ ದಾಖಲೆಯ ಒಂದು ತುಂಡಿನಲ್ಲಿ 255 ಅಕ್ಷರಗಳಷ್ಟೇ ಹಿಡಿಯುವುದರಿಂದ ಕೆಲವು ಕಡೆ ಬಾಲ ಕತ್ತರಿಸಿಹೋಗುತ್ತದೆ. ಹಾಗಾಗಿ ಉಳಿಸಿದ ಮೇಲೆ ಕೊನೆಯ ಅಕ್ಷರಗಳನ್ನು ಮೂಲದೊಂದಿಗೆ ತಾಳೆ ನೋಡಿದೆ. ಆನಂತರ ನನ್ನ ಸ್ವಂತ ಜಿಮೇಲ್‌ಗೆ ಒಂದು ಪತ್ರ ಕಳಿಸಿ, ಅಲ್ಲಿ Show original ತೆರೆದೆ. SPF, DKIM, DMARC ಮೂರರ ಮುಂದೆಯೂ PASS ಎಂದಿತ್ತು.

ತೊಡಕು ಕಾಣಿಸಿಕೊಂಡದ್ದು ಬೇರೆ ಕಡೆ. ಹೊರಗಿನಿಂದ ಯಾರು ಪತ್ರ ಬರೆದರೂ ತಲುಪುತ್ತಿತ್ತು. ಆದರೆ ನಮ್ಮದೇ ಸೈಟಿನ ವಿಚಾರಣೆ ಫಾರ್ಮ್ ತುಂಬಿದರೆ “ಸಂದೇಶ ಕಳಿಸಲಾಗಿದೆ” ಎಂದು ತೋರಿಸಿದರೂ ಪತ್ರ ಮಾತ್ರ ಎಲ್ಲಿಯೂ ಇಲ್ಲ, ಸ್ಪ್ಯಾಮ್‌ನಲ್ಲೂ ಇಲ್ಲ. ಈ ಲಕ್ಷಣ ಕಂಡರೆ ಹುಡುಕಬೇಕಾದ ಜಾಗ ಹೋಸ್ಟಿಂಗ್ ಸರ್ವರ್. ಡೊಮೈನಿನ ಸೈಟ್ ತನ್ನಲ್ಲಿದೆಯೆಂದರೆ ಇಮೇಲ್ ಕೂಡ ತನ್ನಲ್ಲೇ ಇದೆ ಎಂದು ಆ ಸರ್ವರ್ ಭಾವಿಸಿರುತ್ತದೆ. ಹೊರಗಿನ ಎಂಎಕ್ಸ್ ದಾಖಲೆಯನ್ನು ನೋಡುವ ಗೋಜಿಗೇ ಹೋಗದೆ ಪತ್ರವನ್ನು ತನ್ನೊಳಗೇ ಮುಗಿಸಿಬಿಡುತ್ತದೆ. ಹೋಸ್ಟಿಂಗ್‌ನ ನಿಯಂತ್ರಣ ಪುಟವಾದ cPanel ತೆರೆದು Email Routing ನೋಡಿದಾಗ ಅಲ್ಲಿ Local Mail Exchanger ಎಂದಿತ್ತು. ಅದನ್ನು Remote Mail Exchanger ಮಾಡಿದೊಡನೆ ಪತ್ರಗಳು ಬರತೊಡಗಿದವು.

ಬಂದದ್ದು ಸ್ಪ್ಯಾಮ್ ಪೆಟ್ಟಿಗೆಗೆ. ಫಾರ್ಮ್ ತುಂಬಿದವರ ವಿಳಾಸವನ್ನೇ ಕಳಿಸಿದವರ ಜಾಗದಲ್ಲಿ ಹಾಕಿ ಸೈಟ್ ಪತ್ರ ಕಳಿಸುತ್ತಿತ್ತು. ಬೇರೊಬ್ಬರ ಜಿಮೇಲ್ ವಿಳಾಸ ಹೊತ್ತ ಪತ್ರ ನಮ್ಮ ಹೋಸ್ಟಿಂಗ್ ಸರ್ವರಿನಿಂದ ಹೊರಟರೆ ಅದು ನಕಲಿಯಂತೆಯೇ ಕಾಣುತ್ತದೆ. ಕಳಿಸುವ ವಿಳಾಸವನ್ನು ನಮ್ಮದನ್ನಾಗಿ ಮಾಡಿ, ಗ್ರಾಹಕರ ವಿಳಾಸವನ್ನು Reply-To ಜಾಗಕ್ಕೆ ಹಾಕಿದೆ. ಪತ್ರ `smtp.gmail.com` ಮೂಲಕ, 587ನೇ ಪೋರ್ಟಿನಿಂದ, ಎರಡು ಹಂತದ ದೃಢೀಕರಣವಿರುವ ಖಾತೆಯ ಆ್ಯಪ್ ಪಾಸ್‌ವರ್ಡ್ ಬಳಸಿ ಹೋಗುವಂತೆ ಮಾಡಿದೆ. ಅಲ್ಲಿಂದ ಮುಂದೆ ವಿಚಾರಣೆಗಳು ನೇರವಾಗಿ ಇನ್‌ಬಾಕ್ಸ್‌ಗೆ ಬಂದವು. ಉತ್ತರ ಒತ್ತಿದರೆ ಅದು ಗ್ರಾಹಕರಿಗೇ ಹೋಗುತ್ತದೆ.

ಡಿಮಾರ್ಕ್ ಸಾಲಿನ p=none ಎಂಬುದನ್ನು ಕೆಲವು ವಾರ ಹಾಗೆಯೇ ಬಿಟ್ಟೆ. ಪರೀಕ್ಷೆಯಲ್ಲಿ ಸೋತ ಪತ್ರವನ್ನೂ ತಡೆಯಬೇಡಿ, ನಮಗೆ ವರದಿ ಮಾತ್ರ ಕೊಡಿ ಎಂದು ಅದರ ಅರ್ಥ. ವರದಿಗಳಲ್ಲಿ ನನಗೆ ಪರಿಚಯವಿಲ್ಲದ ಒಂದು ಸರ್ವರ್ ನಮ್ಮ ಹೆಸರಿನಲ್ಲಿ ಪತ್ರ ಕಳಿಸುತ್ತಿರುವುದು ಕಾಣಿಸಿತು. ವಿಚಾರಿಸಿದರೆ ಅದು ಭಾವ ಇನ್‌ವಾಯ್ಸ್ ಕಳಿಸಲು ಬಳಸುತ್ತಿದ್ದ ಬಿಲ್ಲಿಂಗ್ ತಂತ್ರಾಂಶದ ಸರ್ವರ್. ಅದಕ್ಕೂ ಪತ್ರ ಕಳಿಸಲು ನಮ್ಮ ಖಾತೆಯ ಎಸ್ಎಂಟಿಪಿ ವಿವರ ಕೊಟ್ಟೆ. ಮುಂದಿನ ವರದಿಗಳಲ್ಲಿ ಸೋತವುಗಳೆಲ್ಲ ನಮ್ಮವಲ್ಲದ ಪತ್ರಗಳೇ ಎಂದು ಖಚಿತವಾದ ಮೇಲೆ p=quarantine ಮಾಡಿದೆ. ಬ್ಯಾಂಕ್ ಖಾತೆಯ ಸಂಖ್ಯೆ ಬದಲಾಗಿದೆ ಎಂದು ನಮ್ಮ ವಿಳಾಸದಿಂದಲೇ ಬಂದಂತೆ ಯಾರಾದರೂ ಖರೀದಿದಾರರಿಗೆ ಬರೆದರೆ, ಡಿಮಾರ್ಕ್ ನೋಡುವ ಜಿಮೇಲ್‌ನಂಥ ಸೇವೆಗಳಲ್ಲಿ ಆ ಪತ್ರ ಸ್ಪ್ಯಾಮ್ ಪೆಟ್ಟಿಗೆಯ ಪಾಲಾಗುತ್ತದೆ. ನಮ್ಮ ಹೆಸರನ್ನೇ ಹೋಲುವ ಬೇರೆ ಡೊಮೈನ್ ಕೊಂಡು ಬರೆಯುವವರನ್ನು ಇದು ತಡೆಯಲಾರದು. ಅದಕ್ಕಾಗಿ ಪ್ರತಿ ಕೊಟೇಶನ್ನಿನ ಕೆಳಗೆ, ಖಾತೆ ಬದಲಾವಣೆಯ ಪತ್ರ ಬಂದರೆ ಹಣ ಹಾಕುವ ಮೊದಲು ಈ ಸಂಖ್ಯೆಗೆ ಕರೆ ಮಾಡಿ ಎಂದು ಅಚ್ಚು ಮಾಡಿಸಿದ್ದೇವೆ.