ಒಂಬತ್ತನೇ ದಿನ ಸಿಕ್ಕ ದೊಡ್ಡ ಹೇನು

ನಾನು ಶಾಲೆಯೊಂದರಲ್ಲಿ ನರ್ಸ್. ಮಕ್ಕಳ ತಲೆ ನೋಡುವುದು ನನ್ನ ಕೆಲಸದಲ್ಲೇ ಸೇರಿದೆ. ಆದರೂ ನನ್ನ ಎಂಟು ವರ್ಷದ ಮಗಳ ತಲೆಯಲ್ಲಿ ಹೇನು ಇದ್ದದ್ದು ನನಗೆ ಗೊತ್ತಾಗುವಷ್ಟರಲ್ಲಿ ಒಂದೂವರೆ ತಿಂಗಳು ಕಳೆದಿತ್ತು.

ಒಂದೂವರೆ ತಿಂಗಳು ಅಂತ ಹೇಗೆ ಗೊತ್ತಾಯಿತು ಅಂದರೆ, ಸೀರು ನೋಡಿ. ಹೇನು ಮೊಟ್ಟೆಯಿಡುವುದು ಕೂದಲಿನ ಬುಡದಲ್ಲಿ, ನೆತ್ತಿಯ ಚರ್ಮಕ್ಕೆ ತೀರಾ ಹತ್ತಿರ. ಮೊಟ್ಟೆಗೆ ಅಲ್ಲಿನ ಬಿಸಿ ಬೇಕು. ಅಂಟು ಹಾಕಿ ಕೂರಿಸಿದ ಸೀರು ಆಮೇಲೆ ಜಾಗ ಬಿಡುವುದಿಲ್ಲ, ಕೂದಲು ಬೆಳೆದ ಹಾಗೆ ಅದೂ ದೂರ ಹೋಗುತ್ತದೆ. ಕೂದಲು ತಿಂಗಳಿಗೆ ಸುಮಾರು 1 ಸೆಂಟಿಮೀಟರ್ ಬೆಳೆಯುತ್ತದೆ. ಮಗಳ ಕಿವಿಯ ಹಿಂದೆ ಬುಡದಿಂದ ಒಂದೂವರೆ ಸೆಂಟಿಮೀಟರ್ ದೂರದಲ್ಲಿ ಬೆಳ್ಳಗೆ ಹೊಳೆಯುವ ಸೀರು ಇತ್ತು. ಅದು ಖಾಲಿ ಚಿಪ್ಪು, ಮರಿ ಯಾವತ್ತೋ ಹೊರಗೆ ಬಂದಿದೆ. ಬುಡದ ಹತ್ತಿರ ಕಂದು ಬಣ್ಣದವೂ ಇದ್ದವು. ಯೋಚನೆ ಮಾಡಬೇಕಾದದ್ದು ಅವುಗಳ ಬಗ್ಗೆ. ಹೊಟ್ಟಾಗಿದ್ದರೆ ಊದಿದರೆ ಹಾರುತ್ತದೆ. ಸೀರನ್ನು ಉಗುರಿನಲ್ಲಿ ಹಿಡಿದು ಎಳೆಯಬೇಕು.

ಅಷ್ಟು ದಿನ ಅವಳು ತಲೆ ಕೆರೆದುಕೊಂಡೇ ಇರಲಿಲ್ಲ. ನಾನು ಮೋಸ ಹೋದದ್ದು ಅಲ್ಲೇ. ತುರಿಕೆ ಬರುವುದು ಹೇನು ಓಡಾಡುವುದರಿಂದ ಅಲ್ಲ, ಅದರ ಜೊಲ್ಲಿಗೆ ಆಗುವ ಅಲರ್ಜಿಯಿಂದ. ಮೊದಲ ಸಲ ಹೇನು ಹತ್ತಿದಾಗ ಆ ಅಲರ್ಜಿ ಶುರುವಾಗಲು ನಾಲ್ಕರಿಂದ ಆರು ವಾರ ಬೇಕಾಗುತ್ತದೆ. 'ಕೆರೆದುಕೊಳ್ಳುತ್ತಿಲ್ಲ, ಹಾಗಾಗಿ ಹೇನಿಲ್ಲ' ಅನ್ನುವ ಲೆಕ್ಕ ತಪ್ಪು.

ಮೊದಲು ತಂದದ್ದು 1% ಪರ್ಮೆಥ್ರಿನ್ ಲೋಷನ್. 'ಹಚ್ಚುವ ಮುಂಚೆ ಲೇಬಲ್ ಓದಿ' ಅಂತ ಊರಿಗೆಲ್ಲ ಹೇಳುವ ನಾನು ಮನೆಯಲ್ಲಿ ಓದಲಿಲ್ಲ. ಮಗಳಿಗೆ ಶಾಂಪೂ ಹಾಕಿ, ಕಂಡೀಷನರ್ ಹಚ್ಚಿ ತೊಳೆದು, ನೀರು ಇನ್ನೂ ತೊಟ್ಟಿಕ್ಕುತ್ತಿರುವಾಗಲೇ ಲೋಷನ್ ಬಳಿದೆ. ಎರಡು ತಪ್ಪು ಒಂದೇ ಸಲಕ್ಕೆ. ಕಂಡೀಷನರ್ ಕೂದಲಿಗೆ ಪದರದ ಹಾಗೆ ಕೂತು ಔಷಧಿಯನ್ನು ತಡೆಯುತ್ತದೆ, ನೀರು ಅದನ್ನು ತೆಳ್ಳಗೆ ಮಾಡುತ್ತದೆ. ಬರೀ ಶಾಂಪೂ ಹಾಕಿ, ಟವೆಲ್‌ನಲ್ಲಿ ಒರೆಸಿ, ಕೂದಲು ಸ್ವಲ್ಪ ಒದ್ದೆ ಇರುವಾಗ ಬುಡದಿಂದ ತುದಿಯವರೆಗೂ ಹಚ್ಚಿ, 10 ನಿಮಿಷ ಬಿಟ್ಟು ತೊಳೆಯಬೇಕಿತ್ತು. ಇನ್ನೊಂದು ವಿಷಯ, ಈ ಲೋಷನ್ ಸೀರನ್ನು ಸಾಯಿಸುವುದಿಲ್ಲ. ಸೀರಿನಿಂದ ಮರಿ ಬಂದಮೇಲೆ, ಒಂಬತ್ತನೇ ದಿನದ ಹೊತ್ತಿಗೆ, ಇನ್ನೊಂದು ಸಲ ಹಚ್ಚಬೇಕು. ಕಣ್ಣಿಗೆ ಹೇನು ಕಾಣಲಿಲ್ಲ ಅಂತ ನಾನು ಅದನ್ನೂ ಬಿಟ್ಟೆ. ಎರಡು ವಾರಕ್ಕೆ ತಲೆ ಮತ್ತೆ ಮೊದಲಿನ ಹಾಗೆ. ಅವಳ ಪಕ್ಕ ಕೂರುವ ಹುಡುಗಿಯ ಮೇಲೆ ಮನಸ್ಸಿನಲ್ಲೇ ತಪ್ಪು ಹೊರಿಸಿದ್ದೂ ಆಯಿತು.

ಎರಡನೇ ಸಲ ಲೇಬಲ್‌ನಲ್ಲಿ ಇದ್ದ ಹಾಗೇ ಮಾಡಿದೆ. ಸುಮಾರು 12 ಗಂಟೆ ಬಿಟ್ಟು ಬಾಚಿ ನೋಡಿದರೆ ಹೇನುಗಳು ಟಿಶ್ಯೂ ಮೇಲೆ ಚುರುಕಾಗಿ ಓಡುತ್ತಿವೆ. ಸತ್ತಿದ್ದರೆ ಅಥವಾ ಮತ್ತು ಬಂದ ಹಾಗೆ ಮೆಲ್ಲಗೆ ಕಾಲಾಡಿಸುತ್ತಿದ್ದರೆ ಔಷಧಿ ಕೆಲಸ ಮಾಡಿದೆ ಅಂತ ತಿಳಿಯಬಹುದು. ಸರಿಯಾಗಿ ಹಚ್ಚಿದ ಮೇಲೂ ಹೀಗೆ ಓಡಿದರೆ, ಆ ಹೇನುಗಳಿಗೆ ಈ ಔಷಧಿ ನಾಟುವುದಿಲ್ಲ ಅಂತಲೇ ಅರ್ಥ. ಪರ್ಮೆಥ್ರಿನ್‌ಗೆ ಜಗ್ಗದ ಹೇನುಗಳು ಈಗ ಎಷ್ಟೋ ಕಡೆ ಇವೆ. ಇಲ್ಲಿ ಬಹಳ ಜನ ಅದನ್ನೇ ಇನ್ನೂ ಜಾಸ್ತಿ ಸುರಿದು ರಾತ್ರಿಯಿಡೀ ಬಿಡುತ್ತಾರೆ. ಹೇನಿಗೆ ಏನೂ ಆಗುವುದಿಲ್ಲ, ಮಗುವಿನ ಚರ್ಮ ಉರಿಯುತ್ತದೆ ಅಷ್ಟೇ. ನಾನು ಬಾಟಲಿ ಒಳಗಿಟ್ಟು ಸೀರಣಿಗೆ ತೆಗೆದೆ.

ಸೀರಣಿಗೆ ಲೋಹದ್ದಾದರೆ ಒಳ್ಳೆಯದು. ಅಗ್ಗದ ಪ್ಲಾಸ್ಟಿಕ್‌ನ ಹಲ್ಲು ಕೂದಲ ಸಿಕ್ಕಿಗೆ ಬಾಗಿ ಅಗಲವಾಗುತ್ತದೆ, ಮರಿಹೇನು ನಡುವೆ ನುಸುಳಿಕೊಂಡು ಹೋಗುತ್ತದೆ. ಔಷಧಿಗೆ ಅಡ್ಡ ಬಂದ ಕಂಡೀಷನರ್ ಇಲ್ಲಿ ಮಾತ್ರ ನಮ್ಮ ಕಡೆ. ತಲೆ ತೊಳೆದು ಒದ್ದೆ ಕೂದಲಿಗೆ ಕೈತುಂಬ ಕಂಡೀಷನರ್ ಬಳಿದು ಹಾಗೇ ಬಿಟ್ಟೆ. ಒಣ ತಲೆಯಲ್ಲಿ ಬೆಳಕು ಬಿದ್ದ ಕೂಡಲೇ ಓಡುವ ಹೇನು ಆ ಜಾರುವ ಕೂದಲಿನಲ್ಲಿ ಇದ್ದಲ್ಲೇ ಇರುತ್ತದೆ. ಮೊದಲು ದೊಡ್ಡ ಹಲ್ಲಿನ ಬಾಚಣಿಗೆಯಿಂದ ಸಿಕ್ಕು ಬಿಡಿಸಿದೆ. ಆಮೇಲೆ ಬೈತಲೆ ತೆಗೆದು, ಬೆರಳಿನಗಲದ ಒಂದೊಂದೇ ಎಳೆ ಹಿಡಿದು, ಹಲ್ಲು ನೆತ್ತಿಗೆ ತಾಗುವ ಹಾಗೆ ಇಟ್ಟು, ತುದಿಯವರೆಗೂ ಒಂದೇ ಎಳೆತ. ಪ್ರತಿ ಎಳೆತಕ್ಕೂ ಸೀರಣಿಗೆಯನ್ನು ಬಿಳಿ ಟಿಶ್ಯೂಗೆ ಒರೆಸಿದೆ. ಕಿವಿಯ ಹಿಂದೆ ಮತ್ತು ಕತ್ತಿನ ಮೇಲ್ಭಾಗದಲ್ಲಿ ಎರಡೆರಡು ಸಲ. ಕೊನೆಗೆ ಕಂಡೀಷನರ್ ತೊಳೆದು ಇನ್ನೊಂದು ಸುತ್ತು. ಸೊಂಟದವರೆಗಿನ ಕೂದಲಿಗೆ ಮೊದಲ ದಿನ ಒಂದು ಗಂಟೆ ಹಿಡಿಯಿತು.

ಆ ಟಿಶ್ಯೂಗಳನ್ನು ಎಸೆಯದೆ ಎಣಿಸಿ, ಒಂದು ನೋಟ್‌ಬುಕ್‌ನಲ್ಲಿ ಬರೆದಿಟ್ಟೆ. ನನ್ನನ್ನು ಕಾಪಾಡಿದ್ದು ಆ ಎಣಿಕೆ. ಎಷ್ಟು ಸಿಕ್ಕವು ಅನ್ನುವುದರ ಜೊತೆಗೆ ಎಷ್ಟು ದೊಡ್ಡವು ಅನ್ನುವುದನ್ನೂ ಬರೆದೆ. ಮೊದಲ ದಿನ 34. ಅದರಲ್ಲಿ 11 ಎಳ್ಳಿನ ಕಾಳಿನಷ್ಟು ದೊಡ್ಡವು, ಉಳಿದವು ಚಿಕ್ಕವು. ಐದನೇ ದಿನ 13, ಎಲ್ಲವೂ ಗುಂಡುಸೂಜಿಯ ತಲೆಯಷ್ಟು ಅಥವಾ ಅದಕ್ಕಿಂತ ಚಿಕ್ಕವು. ನನಗೆ ಖುಷಿಯಾಯಿತು. ಮಗಳಿಗೆ ಆಶ್ಚರ್ಯ: "ಅಮ್ಮಾ, ಇನ್ನೂ ಹದಿಮೂರು ಇದೆ, ನೀನು ನಗ್ತಿದ್ದೀಯಲ್ಲಾ?"

ಕಾರಣ ಇದು. ಸೀರು ಒಡೆಯಲು 7ರಿಂದ 10 ದಿನ ಬೇಕು. ಹೊರಬಂದ ಮರಿ ಬೆಳೆದು ಮೊಟ್ಟೆಯಿಡಲು ಹೆಚ್ಚುಕಡಿಮೆ ಇನ್ನೂ ಅಷ್ಟೇ ದಿನ ಬೇಕು. ನಾಲ್ಕು ದಿನಕ್ಕೊಮ್ಮೆ, ಅಂದರೆ 1, 5, 9, 13ನೇ ದಿನ ಬಾಚಿದರೆ ಹೊಸ ಮರಿಗಳೆಲ್ಲ ಮೊಟ್ಟೆಯಿಡುವ ಮುಂಚೆಯೇ ಸಿಕ್ಕಿಬೀಳುತ್ತವೆ. ಸೀರನ್ನು ಒಂದೊಂದಾಗಿ ಕೀಳುತ್ತಾ ಕೂರುವ ಅಗತ್ಯವೂ ಇಲ್ಲ. ಐದನೇ ದಿನ ಬರೀ ಮರಿಗಳೇ ಸಿಕ್ಕವು ಅಂದರೆ ಮೊದಲ ದಿನ ದೊಡ್ಡವನ್ನೆಲ್ಲ ಹಿಡಿದಿದ್ದೇನೆ, ಇವು ಆಮೇಲೆ ಸೀರಿನಿಂದ ಬಂದವು ಅಂತ ಅರ್ಥ.

ಒಂಬತ್ತನೇ ದಿನ ಸಿಕ್ಕಿದ್ದು ಐದು. ನಾಲ್ಕು ಮರಿ. ಐದನೆಯದು ಎಳ್ಳಿನಷ್ಟು ದೊಡ್ಡದು, ಹೊಟ್ಟೆ ತುಂಬಿ ಕಪ್ಪಾಗಿತ್ತು.

ಟಿಶ್ಯೂ ಹಿಡಿದುಕೊಂಡು ಸುಮಾರು ಹೊತ್ತು ಅದನ್ನೇ ನೋಡಿದೆ. ನಾಲ್ಕು ದಿನದಲ್ಲಿ ಮರಿ ಇಷ್ಟು ದೊಡ್ಡದಾಗಲು ಸಾಧ್ಯವಿಲ್ಲ. ಎರಡೆರಡು ಸಲ ಬಾಚಿದ ತಲೆಯಲ್ಲಿ ದೊಡ್ಡದೊಂದು ತಪ್ಪಿಸಿಕೊಂಡಿರುವುದೂ ಕಷ್ಟ. ಹಾಗಾದರೆ ಇದು ಬೇರೆ ತಲೆಯಿಂದ ಬಂದದ್ದು. ಹೇನು ಹಾರುವುದಿಲ್ಲ, ಜಿಗಿಯುವುದಿಲ್ಲ. ತಲೆಗೆ ತಲೆ ತಾಗಿದಾಗ ಕೂದಲಿನಿಂದ ಕೂದಲಿಗೆ ನಡೆದು ಹೋಗುತ್ತದೆ. ಆ ವಾರ ಶಾಲೆಗೆ ರಜೆ, ಮಗಳು ಮನೆಯಲ್ಲೇ ಇದ್ದಳು. ರಾತ್ರಿ ಅವಳ ತಲೆ ತಾಗುತ್ತಿದ್ದದ್ದು ಒಂದೇ ತಲೆಗೆ.

ಗಂಡನ ಕೈಗೆ ಸೀರಣಿಗೆ ಕೊಟ್ಟು ಕೂತೆ. ಮೂರು ಸಿಕ್ಕವು.

ದಿನಾ ತಲೆಸ್ನಾನ ಮಾಡುವವಳು ನಾನು, ಕೂದಲು ಎತ್ತಿ ಗಂಟು ಕಟ್ಟಿಕೊಂಡೇ ಕೆಲಸಕ್ಕೆ ಹೋಗುವವಳು. 'ಹೇನಿಗೆ ಕೊಳೆ ಬೇಕಾಗಿಲ್ಲ, ರಕ್ತ ಸಾಕು' ಅಂತ ಎಷ್ಟು ಜನರಿಗೆ ಹೇಳಿಲ್ಲ! ಆದರೂ ಆ ಮೂರನ್ನು ನೋಡಿದಾಗ ಮೊದಲು ಬಂದದ್ದು ನಾಚಿಕೆಯೇ. ಒಳಗೆಲ್ಲೋ ನಾನೂ ಅದನ್ನು ಪೂರ್ತಿ ನಂಬಿರಲಿಲ್ಲ ಅನಿಸಿತು. ನಿಜ ಹೇಳಬೇಕೆಂದರೆ ತೊಳೆದ ತಲೆ, ತೊಳೆಯದ ತಲೆ ಅನ್ನುವ ಭೇದ ಹೇನಿಗಿಲ್ಲ. ಶಾಂಪೂ, ನೀರು ಅದಕ್ಕೆ ಲೆಕ್ಕಕ್ಕಿಲ್ಲ. ಕೂದಲನ್ನು ಉಗುರಿನಲ್ಲಿ ಗಟ್ಟಿಯಾಗಿ ಹಿಡಿದುಕೊಂಡು, ಉಸಿರಾಡುವ ರಂಧ್ರ ಮುಚ್ಚಿಕೊಂಡು ಗಂಟೆಗಟ್ಟಲೆ ನೀರಿನಲ್ಲಿ ಇರಬಲ್ಲದು. ತೊಳೆಯುವುದರಿಂದ ಹೋಗುವುದು ಕೊಳೆ ಮಾತ್ರ.

ಮನೆ ಶುಚಿ ಮಾಡುವ ಹುಚ್ಚೂ ಅಷ್ಟೇ. ನಾನು ದಿಂಬಿನ ಕವರ್, ಟವೆಲ್‌ಗಳನ್ನು 60 ಡಿಗ್ರಿ ಬಿಸಿನೀರಿನಲ್ಲಿ ಒಮ್ಮೆ ಒಗೆದೆ, ಬಾಚಣಿಗೆಗಳನ್ನು ಬಿಸಿನೀರಿನಲ್ಲಿ ನೆನೆಸಿದೆ, ಅಷ್ಟಕ್ಕೇ ಬಿಟ್ಟೆ. ತಲೆಯಿಂದ ಬಿದ್ದ ಹೇನು ರಕ್ತ ಸಿಗದೆ ಒಂದೆರಡು ದಿನದಲ್ಲಿ ಸಾಯುತ್ತದೆ. ಆಸ್ಟ್ರೇಲಿಯಾದಲ್ಲಿ ಶಾಲೆಯ 118 ತರಗತಿಗಳ ನೆಲ ಹುಡುಕಿದ್ದರು. ಅಲ್ಲಿನ ಮಕ್ಕಳ ತಲೆಯಲ್ಲಿ ಸಾವಿರಾರು ಹೇನು, ನೆಲದ ಮೇಲೆ ಒಂದೂ ಇಲ್ಲ. ಸೋಫಾಕ್ಕೆ ಕೀಟನಾಶಕ ಹೊಡೆಯುವ ಸಮಯವನ್ನು ಮನೆಯವರ ತಲೆ ಬಾಚುವುದಕ್ಕೆ ಕೊಡಿ.

ನಮ್ಮ ಲೆಕ್ಕ ಮತ್ತೆ ಶುರುವಾಯಿತು. ಬಂದ ಆ ದೊಡ್ಡ ಹೇನು ಅಷ್ಟರಲ್ಲಿ ಮೊಟ್ಟೆ ಇಟ್ಟಿರಬಹುದಲ್ವಾ? ಹಾಗಾಗಿ 13ಕ್ಕೆ ನಿಲ್ಲಿಸದೆ, ಸತತ ಮೂರು ಸಲ ಏನೂ ಸಿಗದೆ ಇರುವವರೆಗೂ ಬಾಚುವುದು ಅಂತ ತೀರ್ಮಾನ ಮಾಡಿದೆವು, ನನ್ನ ತಲೆಯೂ ಸೇರಿ. ಮಗಳಿಗೆ 13ನೇ ದಿನ ಒಂದು ಮರಿ, 17ನೇ ದಿನ ಮೂರು ಮರಿ. 21, 25, 29ನೇ ದಿನ ಟಿಶ್ಯೂ ಬೆಳ್ಳಗೆ ಬಂತು. ಆಗಲೂ ಕೂದಲಿನ ಮಧ್ಯದಲ್ಲಿ ಖಾಲಿ ಸೀರು ಕಾಣುತ್ತಿತ್ತು. ಅದು ರೋಗವಲ್ಲ, ಅದಕ್ಕಾಗಿ ಮಗುವನ್ನು ಶಾಲೆಯಿಂದ ಮನೆಗೆ ಕಳಿಸುವುದು ಅನ್ಯಾಯ.

ಬಾಚುವುದು ಎಲ್ಲರಿಗೂ ಆಗುವುದಿಲ್ಲ, ಅದನ್ನೂ ಹೇಳಬೇಕು. ಮೊನ್ನೆ ಒಬ್ಬ ತಾಯಿ ಬಂದಿದ್ದರು. ಮಗಳದ್ದು ದಟ್ಟ ಗುಂಗುರು ಕೂದಲು, ಸೀರಣಿಗೆ ಎರಡು ಇಂಚೂ ಇಳಿಯುವುದಿಲ್ಲ. ಯಾರೋ ಸೀಮೆಎಣ್ಣೆ ಹಚ್ಚಲು ಹೇಳಿದ್ದರಂತೆ. ದಯವಿಟ್ಟು ಬೇಡ ಅಂದೆ. ಚರ್ಮ ಸುಡುತ್ತದೆ, ಬೆಂಕಿ ತಾಗಿದರೆ ಮಗುವೇ ಹೊತ್ತಿಕೊಳ್ಳುತ್ತದೆ. ಅವರಿಗೆ ನಾನು ಹೇಳಿದ್ದು 4% ಡೈಮೆಥಿಕೋನ್ ಲೋಷನ್. ಅದು ವಿಷವಲ್ಲ, ಸಿಲಿಕೋನ್. ಹೇನಿನ ಮೈಯನ್ನು ಮುಚ್ಚಿ ಸಾಯಿಸುತ್ತದೆ, ಹಾಗಾಗಿ ಪರ್ಮೆಥ್ರಿನ್‌ಗೆ ಜಗ್ಗದವೂ ಇದಕ್ಕೆ ಸಾಯುತ್ತವೆ. ಇದನ್ನು ಒಣ ಕೂದಲಿಗೇ ಹಚ್ಚಬೇಕು, ಒಂದು ಎಳೆಯೂ ಒಣಗಿ ಉಳಿಯದ ಹಾಗೆ ಬುಡದಿಂದ ತೋಯಿಸಬೇಕು. ಎಂಟು ಗಂಟೆ ಬಿಟ್ಟು ತೊಳೆದು, ಏಳು ದಿನದ ಮೇಲೆ ಇನ್ನೊಮ್ಮೆ. ಬೇರೆ ತಯಾರಿಕೆಯಲ್ಲಿ ಸಮಯ ಬೇರೆ ಇರುತ್ತದೆ, ಲೇಬಲ್ ನೋಡಲೇಬೇಕು. ಹಚ್ಚಿರುವಾಗ ಇದಕ್ಕೂ ಬೆಂಕಿ ಆಗದು. ಒಲೆ, ದೀಪದ ಹತ್ತಿರ ಮಗು ಹೋಗಬಾರದು, ಡ್ರೈಯರ್ ಬೇಡ.

ಎಲ್ಲ ಕೇಳಿಸಿಕೊಂಡು ಆಕೆ ತಲೆ ತಗ್ಗಿಸಿ, "ನಾವು ತುಂಬಾ ಕ್ಲೀನಾಗಿ ಇರ್ತೀವಿ ಮೇಡಂ" ಅಂದರು.

"ನನ್ನ ತಲೇಲೂ ಮೂರು ಸಿಕ್ಕಿತ್ತು ಕಣ್ರೀ" ಅಂದೆ.

ಆಕೆ ಒಂದು ಕ್ಷಣ ನನ್ನ ಮುಖ ನೋಡಿದರು. ಆಮೇಲೆ ಕುರ್ಚಿಯನ್ನು ಕಿಟಕಿಯ ಬೆಳಕಿಗೆ ಎಳೆದು, ತಮ್ಮ ತುರುಬು ಬಿಚ್ಚಿದರು.